ಹದಿನೈದು ಅಕ್ಷರದೊಳಗೊಂದು ಹೆಸರು

ಮದುವೆಮನೆಯಲ್ಲಿ ಊಟದ ಪಂಕ್ತಿ ಎದ್ದು, ಎಲೆಯಡಿಕೆಯ ತಟ್ಟೆ ಒಂದು ಸುತ್ತು ಬರುವ ಹೊತ್ತಿಗೆ, ತೋಟದವರಾದ ಹಿರಿಯರೊಬ್ಬರು ಪಕ್ಕದ ಕುರ್ಚಿಯವರೊಡನೆ, ಹಿಪ್ಪಲಿ ಬಳ್ಳಿಗೆ ಕಾಳುಮೆಣಸನ್ನು ಕಸಿ ಕಟ್ಟುವ ವಿಧಾನವನ್ನು ಯಾರೋ ಒಬ್ಬ ತರುಣ ತನ್ನ ವಿಡಿಯೊದಲ್ಲಿ ಎಷ್ಟು ಚೆನ್ನಾಗಿ ತೋರಿಸಿಕೊಟ್ಟಿದ್ದಾನೆಂಬುದನ್ನು ಕೈಸನ್ನೆ ಸಹಿತ ವರ್ಣಿಸತೊಡಗುತ್ತಾರೆ. ಕೇಳಿದವರಿಗೂ ಅದನ್ನು ನೋಡಬೇಕೆಂಬ ಆಸೆ ಮೂಡುತ್ತದೆ. ಹೆಸರೇನೆಂದು ವಿಚಾರಿಸಿದರೆ, "ಅದೇನೋ ಕೃಷಿ ಅಂತ ಬರ್ತದೆ ಮಾರಾಯ್ರೆ, ಹುಡುಕಿದ್ರೆ ಸಿಗ್ತದೆ" ಎಂಬ ಉತ್ತರ ದೊರೆಯುತ್ತದೆ.

ಹುಡುಕಿದಾಗ ಸಿಗುವುದೇನು? ಇನ್‌ಸ್ಟಾಗ್ರಾಂನಲ್ಲಿ ಆ ತರುಣನ ಮುಖವೇ ಕಾಣುತ್ತದೆ, ಆದರೆ ಹೆಸರು ಬೇರೆ. ಯೂಟ್ಯೂಬಿನಲ್ಲಿ ಅದೇ ಹೆಸರು ಕಾಣುತ್ತದೆ, ಆದರೆ ಮುಖ ಬೇರೆ. ಫೇಸ್‌ಬುಕ್ಕಿನಲ್ಲಿ ಹೆಸರಿನ ಬಾಲಕ್ಕೆ ನಾಲ್ಕು ಅಂಕೆಗಳು ಅಂಟಿಕೊಂಡಿರುವ ಪುಟವೊಂದಿದ್ದು, ಅದು ಆತನದೋ, ಆತನ ವಿಡಿಯೊಗಳನ್ನು ಕದ್ದು ಹಾಕುವವರದೋ ತಿಳಿಯುವುದಿಲ್ಲ. ಎರಡು ನಿಮಿಷ ತಡಕಾಡಿ, ಕೇಳಿದವರು ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಹೀಗೆ ಕೈತಪ್ಪಿಹೋದ ವೀಕ್ಷಕರು ಎಷ್ಟು ಮಂದಿ ಎಂಬುದು ವಿಡಿಯೊ ಮಾಡಿದವನಿಗೆ ಎಂದೂ ಗೊತ್ತಾಗುವಂತಿಲ್ಲ. ಏಕೆಂದರೆ ಬಂದವರ ಲೆಕ್ಕವನ್ನು ವೇದಿಕೆಗಳು ತೋರಿಸುತ್ತವೆಯೇ ಹೊರತು, ಹುಡುಕಿ ಸಿಗದೆ ಹೋದವರ ಲೆಕ್ಕವನ್ನಲ್ಲ.

2020ರ ಜೂನ್ ಕಲಿಸಿದ ಪಾಠ

ಒಬ್ಬನೇ ವ್ಯಕ್ತಿ ಹಲವು ವೇದಿಕೆಗಳಲ್ಲಿ ಹಲವು ಹೆಸರುಗಳಿಂದ ಇರುವುದು ಎಂಥ ಅಪಾಯವೆಂಬುದನ್ನು ಭಾರತದ ವಿಡಿಯೊ ಕಲಾವಿದರು ಸಾಮೂಹಿಕವಾಗಿ ಅನುಭವಿಸಿದ್ದು 2020ರ ಜೂನ್ 29ರಂದು. ಅಂದು ಕೇಂದ್ರ ಸರಕಾರವು ಚೀನೀ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಟಿಕ್‌ಟಾಕ್ ಒಂದು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆಯ ಮೋಜ್, ಇನ್‌ಸ್ಟಾಗ್ರಾಂನ ರೀಲ್ಸ್ ಮೊದಲಾದುವು ಆ ಜಾಗಕ್ಕೆ ಬಂದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಕೂಡ ಮೊತ್ತಮೊದಲು ಭಾರತದಲ್ಲಿಯೇ ಪರೀಕ್ಷೆಗೊಳಗಾಯಿತು.

ವೇದಿಕೆ ಮುಚ್ಚಿದಾಗ ಫಾಲೋವರ್‌ಗಳ ಪಟ್ಟಿಯನ್ನು ಯಾರೂ ಮೂಟೆಕಟ್ಟಿ ಒಯ್ಯಲಾರರು. ಅವರು ಒಯ್ಯಬಲ್ಲ ಏಕೈಕ ಸಾಮಗ್ರಿಯೆಂದರೆ ಅಭಿಮಾನಿಗಳ ನೆನಪಿನಲ್ಲಿ ಉಳಿದಿರುವ ಹೆಸರು. ಟಿಕ್‌ಟಾಕಿನಲ್ಲಿದ್ದ ಹೆಸರನ್ನೇ ಇತರ ಕಡೆಗಳಲ್ಲಿಯೂ ಮೊದಲೇ ಕಾದಿರಿಸಿಕೊಂಡಿದ್ದವರನ್ನು ಹುಡುಕಲು ನೋಡುಗನಿಗೆ ಆ ನೆನಪೊಂದೇ ಸಾಕಾಗಿತ್ತು. ಅಲ್ಲೊಂದು ಇಲ್ಲೊಂದು ಹೆಸರಿಟ್ಟುಕೊಂಡಿದ್ದವರನ್ನು ಹುಡುಕಲು ನೆನಪು ಉಪಯೋಗಕ್ಕೇ ಬರುತ್ತಿರಲಿಲ್ಲ.

ಮೇಲಿನ ಹೆಸರು, ಒಳಗಿನ ಹೆಸರು

ಪ್ರತಿಯೊಂದು ವೇದಿಕೆಯಲ್ಲಿಯೂ ಒಬ್ಬ ವ್ಯಕ್ತಿಗೆ ಎರಡು ಹೆಸರುಗಳಿರುತ್ತವೆ ಎಂಬುದನ್ನು ಬಹುಮಂದಿ ಗಮನಿಸಿರುವುದಿಲ್ಲ. ಒಂದು, ದಪ್ಪಕ್ಷರದಲ್ಲಿ ಕಾಣುವ ಪ್ರದರ್ಶನದ ಹೆಸರು. ಅದನ್ನು ಕನ್ನಡದಲ್ಲಿ ಬರೆಯಬಹುದು, ನಡುವೆ ಜಾಗ ಬಿಡಬಹುದು, ಮತ್ತು ಅದೇ ಹೆಸರನ್ನು ಸಾವಿರ ಮಂದಿ ಇಟ್ಟುಕೊಂಡರೂ ಅಡ್ಡಿಯಿಲ್ಲ. ಇನ್ನೊಂದು, @ ಚಿಹ್ನೆಯ ಮುಂದೆ ಸಣ್ಣಕ್ಷರದಲ್ಲಿ ಬರುವ ಹ್ಯಾಂಡಲ್. ಇದು ಆ ವೇದಿಕೆಯಲ್ಲಿ ಒಬ್ಬರಿಗೆ ಮಾತ್ರ ಸಲ್ಲತಕ್ಕದ್ದು, ಮತ್ತು ಪುಟದ ವಿಳಾಸವೂ ಇದರಿಂದಲೇ ರಚಿತವಾಗತಕ್ಕದ್ದು. ಮೊದಲನೆಯದು ಬಾಗಿಲ ಮೇಲಿನ ನಾಮಫಲಕವಾದರೆ ಎರಡನೆಯದು ಅಂಚೆಯವನು ನೋಡುವ ಮನೆ ನಂಬರು.

ಯೂಟ್ಯೂಬಿನಲ್ಲಿ ಈ ಹ್ಯಾಂಡಲ್ ಪದ್ಧತಿ ಬಂದುದು 2022ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಕನಿಷ್ಠ ನೂರು ಮಂದಿ ಸಬ್‌ಸ್ಕ್ರೈಬರುಗಳಿದ್ದ ಚಾನೆಲ್ಲಿಗೆ ಮಾತ್ರ ಓದಬಲ್ಲಂಥ ವಿಳಾಸ ದೊರೆಯುತ್ತಿತ್ತು; ಉಳಿದವರದು ಅರ್ಥವಿಲ್ಲದ ಉದ್ದನೆಯ ಸಂಕೇತ. ಹೊಸ ಪದ್ಧತಿ ಬಂದಾಗ, ತಾವಾಗಿ ಹ್ಯಾಂಡಲನ್ನು ಆರಿಸಿಕೊಳ್ಳದ ಚಾನೆಲ್ಲುಗಳಿಗೆ ಯೂಟ್ಯೂಬ್ ತಾನೇ ಒಂದನ್ನು ದಯಪಾಲಿಸಿತು.

ಈ ದಯೆಯ ಪರಿಣಾಮ ಇಂದಿಗೂ ಅನೇಕ ಕನ್ನಡ ಚಾನೆಲ್ಲುಗಳ ಮೇಲೆ ಕಾಣುತ್ತಿದೆ. ಚಾನೆಲ್ಲಿನ ಹೆಸರು ರೋಮನ್ ಅಲ್ಲದ ಲಿಪಿಯಲ್ಲಿದ್ದಾಗ, ಯಂತ್ರವು ಅದನ್ನು ಹ್ಯಾಂಡಲಾಗಿ ಪರಿವರ್ತಿಸುವ ಗೋಜಿಗೆ ಹೋಗದೆ, @user- ಎಂದು ಆರಂಭಿಸಿ ಮುಂದೆ ಕೈಗೆ ಬಂದ ಅಕ್ಷರಾಂಕೆಗಳನ್ನು ಪೋಣಿಸಿ ಕೊಟ್ಟ ನಿದರ್ಶನಗಳು ಹೇರಳವಾಗಿವೆ. ಮೇಲೆ ಚಂದದ ಕನ್ನಡ ಹೆಸರನ್ನು ನೋಡುತ್ತಿರುವ ಚಾನೆಲ್ಲಿನ ಒಡೆಯನಿಗೆ, ಅದರ ಕೆಳಗೆ ಇಂಥದೊಂದು ನಂಬರು ತನ್ನ ನಿಜವಾದ ವಿಳಾಸವಾಗಿ ಕೂತಿದೆ ಎಂಬುದು ವರ್ಷಗಟ್ಟಲೆ ಅರಿವಿಗೆ ಬಾರದಿರುವುದುಂಟು.

ಐದು ವೇದಿಕೆ, ಐದು ಕಾನೂನು

ಎಲ್ಲೆಡೆ ಒಂದೇ ಹ್ಯಾಂಡಲ್ ಇರಬೇಕೆಂದು ಹೇಳುವುದು ಸುಲಭ. ಆದರೆ ಪ್ರತಿಯೊಂದು ವೇದಿಕೆಯೂ ತನ್ನದೇ ಆದ ಅಕ್ಷರನಿಯಮವನ್ನು ಮಾಡಿಕೊಂಡಿರುವುದರಿಂದ, ಒಂದು ಕಡೆ ಸಲ್ಲುವ ಹೆಸರು ಇನ್ನೊಂದು ಕಡೆ ಸಲ್ಲದೆ ಹೋಗುವುದೇ ಇಲ್ಲಿನ ನಿಜವಾದ ತೊಡಕು.

ಯೂಟ್ಯೂಬ್ 3ರಿಂದ 30 ಅಕ್ಷರಗಳವರೆಗೆ ಅವಕಾಶ ಕೊಡುತ್ತದೆ, ಮತ್ತು ನಡುವೆ ಚುಕ್ಕಿ, ಅಂಡರ್‌ಸ್ಕೋರ್, ಹೈಫನ್ ಮೂರನ್ನೂ ಒಪ್ಪುತ್ತದೆ. ಇನ್‌ಸ್ಟಾಗ್ರಾಂನದೂ 30 ಅಕ್ಷರಗಳ ಮಿತಿಯೇ. ಚುಕ್ಕಿಯನ್ನೂ ಅಂಡರ್‌ಸ್ಕೋರನ್ನೂ ಅದು ಒಪ್ಪುತ್ತದೆ, ಹೈಫನನ್ನು ಒಪ್ಪುವುದಿಲ್ಲ. ಫೇಸ್‌ಬುಕ್ ಪುಟದ ಹೆಸರು ಕನಿಷ್ಠ 5 ಅಕ್ಷರಗಳದ್ದಿರಬೇಕು. ಅಲ್ಲಿ ಅಂಡರ್‌ಸ್ಕೋರಿಗೆ ಪ್ರವೇಶವಿಲ್ಲ, ಚುಕ್ಕಿಗೆ ಪ್ರವೇಶವುಂಟಾದರೂ ಗಣನೆಯಿಲ್ಲ. ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರ್ ಮಾತ್ರ ಎಲ್ಲಕ್ಕಿಂತ ಬಿಗಿ: 15 ಅಕ್ಷರಗಳೊಳಗೆ ಮುಗಿಯಬೇಕು, ಅಂಡರ್‌ಸ್ಕೋರ್ ಹೊರತು ಬೇರಾವ ಚಿಹ್ನೆಯೂ ಕೂಡದು. ಭಾರತದಲ್ಲಿ ನಿಷೇಧವಿದ್ದರೂ, ದುಬೈಯಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡಿಗರ ಕೈಯಲ್ಲಿರುವ ಟಿಕ್‌ಟಾಕ್ 24 ಅಕ್ಷರಗಳವರೆಗೆ ಬಿಡುತ್ತದೆ.

ಈ ಐದು ಕಾನೂನುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಎಲ್ಲಕ್ಕೂ ಸಮಾನವಾಗಿ ಉಳಿಯುವ ಜಾಗ ಚಿಕ್ಕದು, ಆದರೆ ನಿಚ್ಚಳವಾದದ್ದು. ಹೈಫನ್ ಇನ್‌ಸ್ಟಾಗ್ರಾಂನಲ್ಲಿ ಬೀಳುತ್ತದೆ, ಅಂಡರ್‌ಸ್ಕೋರ್ ಫೇಸ್‌ಬುಕ್ಕಿನಲ್ಲಿ ಬೀಳುತ್ತದೆ, ಚುಕ್ಕಿ ಎಕ್ಸ್‌ನಲ್ಲಿ ಬೀಳುತ್ತದೆ. ಆದುದರಿಂದ ಎಲ್ಲೆಡೆ ನಿಲ್ಲಬಲ್ಲ ಹ್ಯಾಂಡಲ್ ಎಂದರೆ ಬರಿಯ ರೋಮನ್ ಅಕ್ಷರಗಳಿಂದ, ಬೇಕಾದರೆ ಅಂಕೆಗಳಿಂದ ಕೂಡಿ, ಐದಕ್ಕೆ ಕಡಮೆಯಿಲ್ಲದೆ ಹದಿನೈದನ್ನು ಮೀರದೆ ಇರುವ ಹೆಸರು. ಯೂಟ್ಯೂಬ್ ಇತರ ಲಿಪಿಗಳ ಹ್ಯಾಂಡಲುಗಳಿಗೂ ಎಡೆಕೊಟ್ಟಿದೆ ನಿಜ. ಆದರೆ ಇನ್‌ಸ್ಟಾಗ್ರಾಂ ಮತ್ತು ಎಕ್ಸ್ ಅದನ್ನು ಒಪ್ಪದಿರುವ ಕಾರಣ, ಕನ್ನಡ ಲಿಪಿಯನ್ನು ಪ್ರದರ್ಶನದ ಹೆಸರಿನಲ್ಲಿ ಮೆರೆಸಿ, ಹ್ಯಾಂಡಲನ್ನು ರೋಮನ್ನಿನಲ್ಲಿ ಇರಿಸಿಕೊಳ್ಳುವುದೇ ವ್ಯವಹಾರಕ್ಕೆ ಒದಗುವ ಮಾರ್ಗ.

ಕಿವಿಯಲ್ಲಿ ಕೇಳಿದ್ದು ಕೈಯಲ್ಲಿ ಬರಬೇಕು

ಶಿರಸಿ ಸೀಮೆಯ ಒಬ್ಬ ಗೃಹಿಣಿ, ಹಿತ್ತಲಿನ ಸೊಪ್ಪುಸದೆಗಳಿಂದ ಮಾಡುವ ಅಡುಗೆಗಳನ್ನು ತೋರಿಸುವ ಸಂಕಲ್ಪ ಮಾಡಿಕೊಂಡು, ತಮ್ಮ ವಿಡಿಯೊಗಳಿಗೆ "ಹಿತ್ತಲ ತಂಬುಳಿ" ಎಂಬ ಹೆಸರನ್ನು ಇಡಬೇಕೆಂದು ಬಯಸಿದ್ದಾರೆಂದು ಕಲ್ಪಿಸಿಕೊಳ್ಳೋಣ. ಕಿವಿಗೆ ಇಂಪಾದ, ಅರ್ಥಕ್ಕೆ ಒಪ್ಪುವ ಹೆಸರು. Hittalatambuli ಎಂದು ಬರೆದರೆ 14 ಅಕ್ಷರ, ಮಿತಿಯ ಒಳಗೇ ಇದೆ.

ತೊಡಕಿರುವುದು ಕೇಳಿದವನ ಬೆರಳಿನಲ್ಲಿ. "ಹಿತ್ತಲ" ಎಂಬುದನ್ನು ಒಬ್ಬನು hittala ಎಂದು ಬರೆದರೆ ಇನ್ನೊಬ್ಬನು hitthala ಎಂದೂ ಮತ್ತೊಬ್ಬನು hithala ಎಂದೂ ಬರೆಯುತ್ತಾನೆ. "ತಂಬುಳಿ"ಯು tambuli, thambuli, tambli, thambli ಎಂದು ನಾಲ್ಕು ಬಗೆಯಾಗಬಲ್ಲುದು. ಮೂರನ್ನು ನಾಲ್ಕರಿಂದ ಗುಣಿಸಿದರೆ ಹನ್ನೆರಡು ರೂಪಗಳಾದುವು, ಮತ್ತು ಅವುಗಳಲ್ಲಿ hitthalathambuli ಎಂಬುದು 16 ಅಕ್ಷರಗಳಾಗಿ ಎಕ್ಸ್‌ನ ಮಿತಿಯನ್ನೇ ದಾಟುತ್ತದೆ. ಹನ್ನೆರಡರಲ್ಲಿ ಒಂದು ಮಾತ್ರ ಆ ತಾಯಿಯದು. ಮಿಕ್ಕ ಹನ್ನೊಂದು ಹಾದಿಗಳೂ ನೋಡುಗನನ್ನು ಬೇರೆಲ್ಲಿಗೋ, ಅಥವಾ ಎಲ್ಲಿಗೂ ಅಲ್ಲದ ಕಡೆಗೋ ಒಯ್ಯುತ್ತವೆ.

ಕನ್ನಡವನ್ನು ರೋಮನ್ನಿನಲ್ಲಿ ಬರೆಯಲು ಸರ್ವರೂ ಒಪ್ಪಿ ನಡೆಯುವ ಕ್ರಮವೊಂದು ಬಳಕೆಯಲ್ಲಿಲ್ಲದಿರುವುದರಿಂದ, ತಕಾರ-ಥಕಾರಗಳು, ದೀರ್ಘಸ್ವರಗಳು, ಳಕಾರ-ಣಕಾರಗಳು, ಆಡುಮಾತಿನಲ್ಲಿ ನುಂಗಿಹೋಗುವ ನಡುವಣ ಸ್ವರಗಳು, ಇವೆಲ್ಲ ಇಂಥ ಕವಲುಗಳನ್ನು ಹುಟ್ಟಿಸುತ್ತವೆ. ಹ್ಯಾಂಡಲಿಗಾಗಿ ಶಬ್ದವನ್ನು ಆರಿಸುವಾಗ ಈ ಅಕ್ಷರಗಳಿಂದ ದೂರವಿದ್ದಷ್ಟೂ ಕ್ಷೇಮ. ಪರೀಕ್ಷೆ ಸರಳವಾದದ್ದು: ಹೆಸರನ್ನು ಬರೆದು ತೋರಿಸದೆ, ಬಾಯಲ್ಲಿ ಮಾತ್ರ ಹೇಳಿ, ಆಚೀಚೆಯ ನಾಲ್ಕೈದು ಮಂದಿಯ ಕೈಯಲ್ಲಿ ಅವರವರ ಫೋನಿನಲ್ಲಿ ಟೈಪು ಮಾಡಿಸಿ ನೋಡುವುದು. ಎಲ್ಲರ ಫೋನಿನಲ್ಲಿಯೂ ಒಂದೇ ರೂಪ ಬಂದರೆ ಹೆಸರು ಗೆದ್ದಿತು.

ಹೆಸರು ಬೇರೆಯವರ ಪಾಲಾಗಿದ್ದರೆ

ಗೃಹಿಣಿ ತಂಬುಳಿಯನ್ನು ಬಿಟ್ಟು "ಸೊಪ್ಪಿನಮನೆ" ಎಂದು ಬದಲಿಸಿದರೆನ್ನೋಣ. soppinamane ಎಂಬುದು 11 ಅಕ್ಷರ. ಬರೆಯುವ ಬಗೆಯೂ ಬಹುಪಾಲು ಒಂದೇ. ನಾಲ್ಕು ವೇದಿಕೆಗಳಲ್ಲಿ ಅದು ಖಾಲಿಯಿದೆ, ಐದನೆಯದರಲ್ಲಿ ಮಾತ್ರ ಮತ್ತಾರೋ ಹಿಡಿದಿದ್ದಾರೆ ಎಂದು ಇಟ್ಟುಕೊಳ್ಳೋಣ.

ಇಂಥ ಸಂದರ್ಭದಲ್ಲಿ ಬಹುಜನರು ಮಾಡುವುದು, ಸಿಕ್ಕಿದ ನಾಲ್ಕು ಕಡೆ ಸಿಕ್ಕಿದ ಹೆಸರನ್ನೇ ಇಟ್ಟುಕೊಂಡು, ಸಿಗದ ಕಡೆ ಕೊನೆಗೊಂದು ಅಂಡರ್‌ಸ್ಕೋರನ್ನೋ ಹುಟ್ಟಿದ ವರ್ಷವನ್ನೋ ತಗುಲಿಸುವುದು. ಏಕರೂಪತೆ ಮುರಿಯುವುದು ಇಲ್ಲಿಯೇ. ಬಾಯಲ್ಲಿ ಹೇಳುವಾಗ ಅಂಡರ್‌ಸ್ಕೋರ್ ಕಿವಿಗೆ ಬೀಳುವುದಿಲ್ಲ, ಮತ್ತು ಆ ಐದನೆಯ ವೇದಿಕೆಯಲ್ಲಿ ಶುದ್ಧ ಹೆಸರನ್ನು ಟೈಪು ಮಾಡಿದ ಪ್ರತಿಯೊಬ್ಬ ವೀಕ್ಷಕನೂ ನೇರವಾಗಿ ಆ ಅಪರಿಚಿತರ ಮನೆಗೆ ಹೋಗಿ ಇಳಿಯುತ್ತಾನೆ. ಒಂದೇ ಕಡೆ ಸಿಗದಿದ್ದರೂ, ಎಲ್ಲ ಕಡೆಯೂ ಹೆಸರನ್ನು ಬದಲಿಸತಕ್ಕದ್ದು. ಮತ್ತು ಮೊದಲ ವಿಡಿಯೊ ಏರಿಸುವುದಕ್ಕೆ ಮುಂಚೆಯೇ ಬದಲಿಸತಕ್ಕದ್ದು.

"ನಮ್ಮ" ಎಂಬ ಶಬ್ದವನ್ನು ಹಿಂದೆ ಸೇರಿಸಿದರೆ nammasoppinamane ಆಗುತ್ತದೆ. ಎಣಿಸಿದರೆ 16, ಒಂದಕ್ಷರ ಹೆಚ್ಚು. "ಸೊಪ್ಪಿನ" ಎಂಬಲ್ಲಿಯ ಷಷ್ಠೀ ಪ್ರತ್ಯಯವನ್ನು ಕಳೆದು ಸಮಾಸ ಮಾಡಿ, "ನಮ್ಮ ಸೊಪ್ಪುಮನೆ" ಎಂದರೆ nammasoppumane, 14 ಅಕ್ಷರ. ಮಾತಿನಲ್ಲಿ ಸಲೀಸು, ಬರಹದಲ್ಲಿ ಒಂದೇ ರೂಪ, ಚಿಹ್ನೆಗಳ ಹಂಗಿಲ್ಲ. ಇನ್ನು ಐದೂ ಕಡೆ ಅದು ದೊರೆಯುತ್ತದೆಯೇ ಎಂದು ನೋಡಬೇಕು.

ನೋಡುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ಬ್ರೌಸರಿನಲ್ಲಿ instagram.com/nammasoppumane ಎಂದು ಬರೆದಾಗ ಪುಟವಿಲ್ಲವೆಂಬ ಉತ್ತರ ಬಂದಮಾತ್ರಕ್ಕೆ ಹೆಸರು ಖಾಲಿಯಿದೆ ಎಂದು ತಿಳಿಯಲಾಗದು. ಹಿಂದೆ ಯಾರೋ ಇಟ್ಟುಕೊಂಡು ತಾತ್ಕಾಲಿಕವಾಗಿ ಮುಚ್ಚಿದ ಅಥವಾ ವೇದಿಕೆಯೇ ಅಮಾನತುಗೊಳಿಸಿದ ಖಾತೆಯ ಹೆಸರೂ ಹೀಗೆಯೇ ಕಾಣದಂತಿರುತ್ತದೆ. ಖಾತೆ ತೆರೆಯುವ ಅಥವಾ ಹೆಸರು ಬದಲಿಸುವ ಜಾಗದಲ್ಲಿಯೇ ಟೈಪು ಮಾಡಿದಾಗ ವೇದಿಕೆ ಒಪ್ಪಿದರೆ ಮಾತ್ರ ಅದು ನಿಶ್ಚಯ. ಸದ್ಯಕ್ಕೆ ವಿಡಿಯೊ ಹಾಕುವ ಉದ್ದೇಶವಿಲ್ಲದ ವೇದಿಕೆಯಲ್ಲಿಯೂ ಖಾತೆಯನ್ನು ತೆರೆದು, ಹೆಸರನ್ನು ಹಿಡಿದು, ತಾನು ಹೆಚ್ಚಾಗಿ ಇರುವ ಕಡೆಯ ಲಿಂಕನ್ನು ಅಲ್ಲಿ ಇರಿಸಿ ಬರುವುದು ಜಾಣತನ.

ಪರಿಚಯದ ಒಂದು ವಾಕ್ಯ

ಹ್ಯಾಂಡಲ್ ಒಂದಾದ ಮೇಲೂ ನೋಡುಗನ ಮನಸ್ಸಿನಲ್ಲಿ ಒಂದು ಶಂಕೆ ಉಳಿಯುತ್ತದೆ: ಇವರು ಅವರೇ ಹೌದೇ? ಈ ಶಂಕೆಯನ್ನು ನಿವಾರಿಸುವುದು ಹೆಸರಿನ ಕೆಳಗೆ ಬರುವ ಪರಿಚಯದ ಮಾತು, ಎಂದರೆ ಬಯೋ. ಅಲ್ಲೊಂದು ಕಡೆ "ಅಡುಗೆ ಪ್ರಿಯೆ" ಎಂದೂ, ಇಲ್ಲೊಂದು ಕಡೆ ಬರಿಯ ಹೂವಿನ ಚಿತ್ರಗಳೂ, ಮತ್ತೊಂದು ಕಡೆ ಜಾಹೀರಾತಿನ ಫೋನ್ ನಂಬರೂ ಇದ್ದರೆ, ಮೂರೂ ಒಬ್ಬರವೇ ಎಂದು ನಂಬುವುದು ನೋಡುಗನಿಗೆ ಕಷ್ಟ. ಅದೇ ಭಾವಚಿತ್ರ, ಅದೇ ವಾಕ್ಯ ಕಂಡರೆ ಅರೆಕ್ಷಣದಲ್ಲಿ ಗುರುತು ಹತ್ತುತ್ತದೆ.

ಇಲ್ಲಿಯೂ ಮಿತಿಗಳು ಬೇರೆಬೇರೆ. ಯೂಟ್ಯೂಬಿನ ಚಾನೆಲ್ ವಿವರಣೆಗೆ 1000 ಅಕ್ಷರಗಳ ಜಾಗವಿದೆ. ಎಕ್ಸ್‌ನಲ್ಲಿ 160, ಇನ್‌ಸ್ಟಾಗ್ರಾಂನಲ್ಲಿ 150, ಟಿಕ್‌ಟಾಕಿನಲ್ಲಿ ಕೇವಲ 80. ದೊಡ್ಡದನ್ನು ಬರೆದು ಕತ್ತರಿಸುತ್ತ ಹೋದರೆ ಪ್ರತಿಯೊಂದು ಕಡೆಯೂ ಬೇರೆಯದೇ ಮಾತು ಉಳಿಯುತ್ತದೆ; ಆದುದರಿಂದ ಅತಿ ಚಿಕ್ಕ ಜಾಗಕ್ಕೆ ಹೊಂದುವ ವಾಕ್ಯವನ್ನು ಮೊದಲು ರಚಿಸಿ, ಅದನ್ನೇ ಎಲ್ಲೆಡೆ ಮೊದಲ ಸಾಲಾಗಿಸಿ, ಜಾಗವಿದ್ದಲ್ಲಿ ಅದರ ಮುಂದೆ ಬೆಳೆಸಬೇಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಅನಿರೀಕ್ಷಿತ ತೊಂದರೆ ಎದುರಾಗುತ್ತದೆ. ನಮ್ಮ ಕಣ್ಣಿಗೆ "ಸೊಪ್ಪು" ಎಂಬುದು ಎರಡಕ್ಷರ. ಕಂಪ್ಯೂಟರಿಗೆ ಅದು ಆರು. ಸಕಾರ, ಅದರ ಒಕಾರದ ಚಿಹ್ನೆ, ಪಕಾರ, ಹಲಂತದ ಚಿಹ್ನೆ, ಮತ್ತೊಂದು ಪಕಾರ, ಉಕಾರದ ಚಿಹ್ನೆ, ಹೀಗೆ ಯೂನಿಕೋಡ್ ಪ್ರತಿಯೊಂದು ಅಂಗವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ.

ಆ ಗೃಹಿಣಿಯ ವಾಕ್ಯವನ್ನು ಹೀಗೆ ರಚಿಸೋಣ: "ಶಿರಸಿ ಸೀಮೆಯ ಸೊಪ್ಪಿನ ಅಡುಗೆ: ತಂಬುಳಿ, ಪತ್ರೊಡೆ, ಕಷಾಯ." ಕಣ್ಣಿನ ಎಣಿಕೆಯಲ್ಲಿ ಇದು 21 ಅಕ್ಷರ, ಜಾಗ ಮತ್ತು ವಿರಾಮಚಿಹ್ನೆಗಳೂ ಸೇರಿ ಯಂತ್ರದ ಎಣಿಕೆಯಲ್ಲಿ 49. ಇದರ ಮುಂದೆ "ಪ್ರತಿ ಭಾನುವಾರ ಹೊಸ ವಿಡಿಯೊ." ಎಂದು ಸೇರಿಸಿದರೆ 75, ಎಂಬತ್ತರ ಇಕ್ಕಟ್ಟಿನಲ್ಲಿಯೂ ಇದಕ್ಕೆ ಸ್ಥಳವುಂಟು. ಯಾವ ಸೀಮೆ, ಏನು ವಿಷಯ, ಯಾವ ಪದಾರ್ಥಗಳು, ಯಾವಾಗ ಎಂಬ ನಾಲ್ಕು ಸಂಗತಿಗಳೂ ಇದರಲ್ಲಿ ಬಂದಿವೆ; ಹುಡುಕುವವನು ಟೈಪು ಮಾಡಬಹುದಾದ ಶಬ್ದಗಳೂ ಬಂದಿವೆ.

ಒಂದೇ ವಾಕ್ಯವೆಂದರೆ ಕಡೆಯ ಸಾಲಿನವರೆಗೂ ಒಂದೇ ಎಂದಲ್ಲ. ಇನ್‌ಸ್ಟಾಗ್ರಾಂನಲ್ಲಿ ಸಬ್‌ಸ್ಕ್ರೈಬ್ ಮಾಡಿರೆಂದು ಕೇಳಿಕೊಳ್ಳುವುದು ಅಲ್ಲಿಗೆ ಸಲ್ಲದ ಮಾತು. ಮೊದಲ ವಾಕ್ಯ ಎಲ್ಲೆಡೆ ಸಮಾನವಾಗಿರಲಿ. ಕೊನೆಯ ಸಾಲು, ದೀರ್ಘ ವಿಡಿಯೊಗಳು ಎಲ್ಲಿವೆ, ಚಿಕ್ಕವು ಎಲ್ಲಿವೆ ಎಂದು ಒಂದು ವೇದಿಕೆಯಿಂದ ಇನ್ನೊಂದಕ್ಕೆ ದಾರಿ ತೋರಿಸಲಿ. ಆ ದಾರಿ ಎರಡೂ ದಿಕ್ಕಿನಿಂದ ಇರಬೇಕು: ಯೂಟ್ಯೂಬ್ ಚಾನೆಲ್ಲಿನಲ್ಲಿ ಇನ್‌ಸ್ಟಾಗ್ರಾಂನ ಲಿಂಕ್, ಇನ್‌ಸ್ಟಾಗ್ರಾಂನಲ್ಲಿ ಯೂಟ್ಯೂಬಿನ ಲಿಂಕ್. ಒಂದೇ ದಿಕ್ಕಿನ ಲಿಂಕನ್ನು ನಕಲಿ ಖಾತೆಯವನೂ ಹಾಕಿಕೊಳ್ಳಬಲ್ಲ. ಅಸಲಿ ಖಾತೆಯಿಂದ ತನ್ನೆಡೆಗೆ ಮರುಲಿಂಕನ್ನು ಮಾತ್ರ ಅವನು ತರಲಾರ.

ಪ್ರದರ್ಶನದ ಹೆಸರಿನಲ್ಲಿ "ನಮ್ಮ ಸೊಪ್ಪುಮನೆ Namma Soppumane" ಎಂದು ಎರಡು ಲಿಪಿಗಳನ್ನೂ ಒಟ್ಟಿಗೆ ಇಡುವುದರಿಂದ, ಕನ್ನಡದಲ್ಲಿ ಹುಡುಕಿದವರಿಗೂ ರೋಮನ್ನಿನಲ್ಲಿ ಹುಡುಕಿದವರಿಗೂ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಅಲಂಕಾರಕ್ಕಾಗಿ ಬಾಗಿದ, ಉಬ್ಬಿದ ವಿಚಿತ್ರ ರೋಮನ್ ಅಕ್ಷರಗಳನ್ನು ಎಲ್ಲಿಂದಲೋ ತಂದು ಅಂಟಿಸುವುದು ಮಾತ್ರ ಬೇಡ. ಅವು ನೋಟಕ್ಕೆ ಅಕ್ಷರಗಳಂತಿದ್ದರೂ ಯೂನಿಕೋಡಿನಲ್ಲಿ ಗಣಿತದ ಬೇರೆ ಚಿಹ್ನೆಗಳಾಗಿದ್ದು, ಹುಡುಕಾಟದಲ್ಲಿ ಸಿಗದೆ ಹೋಗಬಹುದು, ಅಂಧರಿಗಾಗಿ ಪರದೆಯನ್ನು ಓದುವ ತಂತ್ರಾಂಶಗಳೂ ಅವುಗಳ ಮುಂದೆ ತಡವರಿಸುತ್ತವೆ. ಹಳೆಯ ನುಡಿ ಅಥವಾ ಬರಹದ ಯೂನಿಕೋಡೇತರ ಫಾಂಟಿನಲ್ಲಿ ಟೈಪಿಸಿದ ಪರಿಚಯವನ್ನು ತಂದು ಅಂಟಿಸಿದರೆ ಅರ್ಥಹೀನ ಚಿಹ್ನೆಗಳ ಸಾಲು ಮೂಡುತ್ತದೆಂಬುದು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ತಿಳಿದಿರುವ ಸಂಗತಿ.

ನಡುವೆ ಹೆಸರು ಬದಲಿಸುವವರಿಗೆ

ಈಗಾಗಲೇ ಸಾವಿರಾರು ಮಂದಿ ನೋಡುಗರಿರುವವರು ಹ್ಯಾಂಡಲನ್ನು ಬದಲಿಸಿ ಏಕರೂಪಗೊಳಿಸಬಹುದೇ? ಬದಲಿಸಬಹುದು, ಆದರೆ ಹಳೆಯ ಹೆಸರಿಗೆ ಏನಾಗುತ್ತದೆಂಬುದನ್ನು ತಿಳಿದು ಬದಲಿಸಬೇಕು. ಯೂಟ್ಯೂಬ್ 14 ದಿನಗಳ ಅವಧಿಯಲ್ಲಿ ಎರಡು ಬಾರಿ ಹ್ಯಾಂಡಲ್ ಬದಲಾವಣೆಗೆ ಅವಕಾಶ ಕೊಡುತ್ತದೆ. ಹಳೆಯದನ್ನು 14 ದಿನ ಕಾದಿರಿಸುತ್ತದೆ, ಆ ಅವಧಿಯಲ್ಲಿ ಹಳೆಯ ವಿಳಾಸವೂ ಹೊಸ ವಿಳಾಸವೂ ಕೆಲಸ ಮಾಡುತ್ತವೆ. ಟಿಕ್‌ಟಾಕ್ 30 ದಿನಗಳಿಗೊಮ್ಮೆ ಮಾತ್ರ ಬದಲಾವಣೆಗೆ ಒಪ್ಪುತ್ತದೆ.

ಕಾದಿರಿಸಿದ ಅವಧಿ ಮುಗಿದ ಮೇಲೆ ಹಳೆಯ ಹೆಸರನ್ನು ಬೇರೆ ಯಾರಾದರೂ ಎತ್ತಿಕೊಳ್ಳಬಹುದು. ಆಗ, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾಗಿರುವ, ಹಳೆಯ ವಿಡಿಯೊಗಳ ವಿವರಣೆಯಲ್ಲಿ ಉಳಿದಿರುವ, ಸ್ನೇಹಿತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿರುವ ಲಿಂಕುಗಳು ಸತ್ತುಹೋಗುವುದಷ್ಟೇ ಅಲ್ಲ, ಅಪರಿಚಿತರ ಪುಟಕ್ಕೆ ಜೀವಂತವಾಗಿ ದಾರಿ ತೋರಿಸತೊಡಗುತ್ತವೆ. ಹಳೆಯ ವಿವರಣೆಗಳಲ್ಲಿರುವ ಲಿಂಕುಗಳನ್ನು ಅದೇ ವಾರ ತಿದ್ದಿಬಿಡುವುದು, ಮತ್ತು ಹೊಸ ಹೆಸರನ್ನು ಹಲವು ವಿಡಿಯೊಗಳಲ್ಲಿ ಬಾಯಿಬಿಟ್ಟು ಹೇಳುವುದು ಇದಕ್ಕೆ ಪರಿಹಾರ. ಎಲ್ಲಿ ಅತಿ ಹೆಚ್ಚು ನೋಡುಗರಿದ್ದಾರೋ ಅಲ್ಲಿನ ಹೆಸರನ್ನು ಉಳಿಸಿಕೊಂಡು ಉಳಿದ ಕಡೆ ಬದಲಿಸುವುದು, ಆ ಹೆಸರು ಮೇಲೆ ಹೇಳಿದ ಹದಿನೈದು ಅಕ್ಷರಗಳ ಕಾನೂನಿಗೆ ಒಳಪಟ್ಟಿದ್ದರೆ, ಎಲ್ಲಕ್ಕಿಂತ ಕಡಮೆ ನಷ್ಟದ ದಾರಿ.

ಏಕರೂಪತೆಯ ಇನ್ನೊಂದು ಮುಖ

ಒಂದೇ ಹೆಸರು ನಕಲಿಗಳನ್ನು ತಡೆಯುತ್ತದೆಂದು ಭಾವಿಸಬಾರದು. ನಕಲಿಗಳನ್ನು ಗುರುತಿಸುವುದು ಸುಲಭವಾಗುತ್ತದೆ, ಅಷ್ಟೆ. ಫೇಸ್‌ಬುಕ್ಕಿನಲ್ಲಿ ಚುಕ್ಕಿಗೆ ಗಣನೆಯಿಲ್ಲದ್ದರಿಂದ namma.soppumane ಎಂಬ ಹೆಸರನ್ನು ಬೇರೊಬ್ಬರು ಪಡೆಯಲಾರರು. ಇನ್‌ಸ್ಟಾಗ್ರಾಂನಲ್ಲಿಯಾದರೋ ಅದು ಸಂಪೂರ್ಣ ಬೇರೆಯೇ ಹೆಸರಾಗಿ, ನಡುವೆ ಒಂದು ಚುಕ್ಕಿಯಿಟ್ಟು ಭಾವಚಿತ್ರವನ್ನು ಕದ್ದರೆ ನಕಲಿ ಖಾತೆ ಸಿದ್ಧವಾಗುತ್ತದೆ. ಅಸಲಿಯು ಎಲ್ಲೆಡೆಯೂ ಚಿಹ್ನೆಯಿಲ್ಲದ ಒಂದೇ ಹೆಸರಿನಿಂದ ಇದ್ದಾಗ, "ಚುಕ್ಕಿಯಿರುವುದು ನಮ್ಮದಲ್ಲ" ಎಂದು ಒಂದೇ ವಾಕ್ಯದಲ್ಲಿ ನೋಡುಗರನ್ನು ಎಚ್ಚರಿಸಬಹುದು.

ಎಲ್ಲೆಡೆ ಸುಲಭವಾಗಿ ಸಿಗುವುದೆಂದರೆ, ಸಿಗಬಾರದವರಿಗೂ ಸಿಗುವುದು ಎಂಬುದನ್ನು ಮರೆಯಲಾಗದು. ಕಾಲೇಜಿನ ದಿನಗಳಿಂದ ಖಾಸಗಿ ಖಾತೆಗೆ ಇಟ್ಟುಕೊಂಡಿದ್ದ ಹೆಸರನ್ನೇ ಚಾನೆಲ್ಲಿಗೂ ಇಟ್ಟವರ ಹಳೆಯ ಚಿತ್ರಗಳು, ಮಕ್ಕಳ ಶಾಲೆಯ ಸಮವಸ್ತ್ರ, ಮನೆಯ ಮುಂದಿನ ಬೀದಿ, ಎಲ್ಲವನ್ನೂ ಒಂದೇ ಹುಡುಕಾಟದಲ್ಲಿ ಯಾರು ಬೇಕಾದರೂ ಪೋಣಿಸಿ ನೋಡಬಲ್ಲರು. ಆದುದರಿಂದ ಸಾರ್ವಜನಿಕ ಹ್ಯಾಂಡಲ್ ಸಾರ್ವಜನಿಕಕ್ಕೇ ಮೀಸಲಾಗಿರಬೇಕು. ಖಾಸಗಿ ಖಾತೆಯ ಹೆಸರಿಗೂ ಅದಕ್ಕೂ ಯಾವ ಸಾಮ್ಯವೂ ಇರಕೂಡದು. ವಿಡಿಯೊ ಮಾಡುವ ಹೆಣ್ಣುಮಕ್ಕಳಿಗೆ ಈ ಎಚ್ಚರಿಕೆ ಇನ್ನಷ್ಟು ಸಲ್ಲುತ್ತದೆ.

ಹೆಸರು ಒಂದಾದ ಮಾತ್ರಕ್ಕೆ ಯಾವ ವೇದಿಕೆಯೂ ವಿಡಿಯೊವನ್ನು ಹೆಚ್ಚು ಮಂದಿಯ ಮುಂದೆ ತಂದು ನಿಲ್ಲಿಸುವುದಿಲ್ಲವೆಂಬುದನ್ನೂ ಹೇಳಬೇಕು. ಶಿಫಾರಸು ಮಾಡುವುದು ವೇದಿಕೆಯ ಕೆಲಸ, ಅದರ ಲೆಕ್ಕಾಚಾರಗಳು ಬೇರೆ. ಹ್ಯಾಂಡಲ್ ನೆರವಾಗುವುದು, ಒಮ್ಮೆ ನೋಡಿ ಅಥವಾ ಯಾರಿಂದಲೋ ಕೇಳಿ, ತಾವಾಗಿಯೇ ಹುಡುಕಿಕೊಂಡು ಬರುವ ನೋಡುಗರಿಗೆ ಮಾತ್ರ.

ಕನ್ನಡದಲ್ಲಿ ಚಾನೆಲ್ ನಡೆಸುತ್ತಿರುವವರು ಇಂದೇ ಮಾಡಬೇಕಾದ ಕೆಲಸವೊಂದಿದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಚಾನೆಲ್ಲಿನ ಹೆಸರು, ವಿವರಣೆಗಳನ್ನು ತಿದ್ದುವ ಕಸ್ಟಮೈಸೇಶನ್ ವಿಭಾಗವನ್ನು ತೆರೆದು ತಮ್ಮ ಹ್ಯಾಂಡಲ್ ಏನೆಂದು ನೋಡಿರಿ. ಅದು @user- ಎಂದು ಆರಂಭವಾಗುತ್ತಿದ್ದರೆ, ತಮ್ಮ ವಿಳಾಸವನ್ನು ತಾವು ಇನ್ನೂ ಆರಿಸಿಕೊಂಡಿಲ್ಲವೆಂದೇ ಅರ್ಥ. ಐದೂ ವೇದಿಕೆಗಳಲ್ಲಿ ಒಟ್ಟಿಗೆ ದೊರೆಯುವ, ಹದಿನೈದು ಅಕ್ಷರ ಮೀರದ ಹೆಸರೊಂದನ್ನು ಗೊತ್ತುಮಾಡಿಕೊಂಡು, ಬೇರೆಯವರು ಹಿಡಿಯುವ ಮೊದಲೇ ಅದನ್ನು ಎಲ್ಲ ಕಡೆಯೂ ತಮ್ಮದಾಗಿಸಿಕೊಳ್ಳಿರಿ.